ಹಾಜರಿ ಹಾಳೆಯಿಂದ ವಾರದ ಓವರ್‌ಟೈಮ್ ಲೆಕ್ಕ ಹಾಕುವುದು: ಉಡುಪಿ ಹೋಟೆಲಿನ ಒಂದು ವಾರ

ಉಡುಪಿ, ಮಂಗಳೂರಿನ ಹೋಟೆಲುಗಳಲ್ಲಿ ಕೆಲಸದ ದಿನ ಒಂದೇ ಪಟ್ಟಿನಲ್ಲಿ ಮುಗಿಯುವುದಿಲ್ಲ. ತಿಂಡಿಯ ಹೊತ್ತಿಗೆ ಬಂದವರು ಹನ್ನೊಂದೂವರೆಗೆ ಬಿಡುತ್ತಾರೆ, ಮೂರು ಗಂಟೆಗೆ ಚಹಾ-ಬಜ್ಜಿಯ ಹೊತ್ತಿಗೆ ಮರಳುತ್ತಾರೆ. ಹೀಗಾಗಿ ಹಾಜರಿ ಯಂತ್ರದಲ್ಲಿ ಒಬ್ಬೊಬ್ಬರದು ದಿನಕ್ಕೆ ನಾಲ್ಕು ಗುರುತು ಬೀಳುತ್ತವೆ: ಬಂದದ್ದು, ಹೋದದ್ದು, ಮತ್ತೆ ಬಂದದ್ದು, ಮತ್ತೆ ಹೋದದ್ದು. ಆ ಗುರುತುಗಳಿಂದ ವಾರದ ಗಂಟೆ ಕೂಡಿಸಿ, ಎಷ್ಟು ಓವರ್‌ಟೈಮ್ ಆಯಿತೆಂದು ತೆಗೆಯುವ ಕ್ರಮವನ್ನು ಇಲ್ಲಿ ಒಂದು ವಾರದ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಸಂಬಳದ ಹಾಳೆ ಬರೆಯುವವರಿಗೂ, ತಮ್ಮ ಗಂಟೆಯನ್ನು ತಾವೇ ಲೆಕ್ಕ ಹಾಕಿ ನೋಡಬೇಕೆನ್ನುವವರಿಗೂ ಇದು ಒಂದೇ.

## ಯಾವ ಗೆರೆ ದಾಟಿದರೆ ಓವರ್‌ಟೈಮ್

ನಮ್ಮಲ್ಲಿ ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ 7ನೇ ಕಲಮಿನಲ್ಲಿ ಎರಡು ಗೆರೆಗಳಿವೆ: ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಇವೆರಡರಲ್ಲಿ ಯಾವುದನ್ನು ದಾಟಿದರೂ ದಾಟಿದಷ್ಟು ಹೊತ್ತಿಗೆ ಮಾಮೂಲಿ ದರದ ಎರಡರಷ್ಟು ಕೂಲಿ ಕೊಡಬೇಕೆಂದು 8ನೇ ಕಲಮು ಹೇಳುತ್ತದೆ. ಕಾರ್ಖಾನೆಗಳಿಗೆ ಬೇರೆ ಕಾನೂನು ಇದೆ. ಅಲ್ಲಿನವರು ಗೆರೆಯ ಅಂಕಿಯನ್ನು ತಮ್ಮ ನಿಯಮಕ್ಕೆ ತಕ್ಕಂತೆ ಬದಲಿಸಿಕೊಂಡರೆ ಕೂಡಿಸುವ ಕ್ರಮ ಇದೇ ಸಾಕು.

ಎರಡು ಗೆರೆ ಇರುವುದೇ ಗೊಂದಲದ ಮೂಲ. ದಿನಕ್ಕೆ ಎಂಟೂವರೆ ಗಂಟೆಯಂತೆ ಆರು ದಿನ ದುಡಿದವರು ಒಂದು ದಿನವೂ 9ರ ಗೆರೆ ಮುಟ್ಟುವುದಿಲ್ಲ, ಆದರೆ ವಾರಕ್ಕೆ 51 ಗಂಟೆಯಾಗುತ್ತದೆ. ವಾರದಲ್ಲಿ ನಾಲ್ಕೇ ದಿನ ಬಂದವರು ಒಂದು ದಿನ 10 ಗಂಟೆ ನಿಂತರೆ 48ರ ಹತ್ತಿರಕ್ಕೂ ಹೋಗುವುದಿಲ್ಲ, ಆದರೂ ಆ ದಿನದ ಒಂದು ಗಂಟೆ ಓವರ್‌ಟೈಮೇ. ಒಂದೇ ಗೆರೆ ನೋಡುವ ಹಾಳೆಯಲ್ಲಿ ಇವರಿಬ್ಬರಲ್ಲಿ ಒಬ್ಬರಿಗೆ ನಷ್ಟ ಖಂಡಿತ.

ಓವರ್‌ಟೈಮ್ ಸೇರಿದರೂ ದಿನದ ಕೆಲಸ 10 ಗಂಟೆ ದಾಟಬಾರದು ಎಂಬ ಮಿತಿಯೂ ಅದೇ ಕಾಯ್ದೆಯಲ್ಲಿದೆ. ಕೆಲವು ಕಡೆ ಈ ಮಿತಿ ಮೀರಿದಾಗ ಹತ್ತು ಗಂಟೆಯ ಮೇಲಿನ ನಿಮಿಷಗಳನ್ನು ಹಾಳೆಯಲ್ಲಿ ಬರೆಯುವುದನ್ನೇ ಬಿಡುತ್ತಾರೆ. ಅದು ಸರಿಯಲ್ಲ. ಮಿತಿ ಮೀರಿ ದುಡಿಸಿದ್ದು ಒಂದು ತಪ್ಪು, ದುಡಿದದ್ದನ್ನು ಬರೆಯದೆ ಇರುವುದು ಅದರ ಮೇಲೆ ಇನ್ನೊಂದು. ಮನುಷ್ಯ ನಿಂತ ಪ್ರತಿ ನಿಮಿಷವೂ ಹಾಳೆಗೆ ಬರಬೇಕು.

## ಉದಾಹರಣೆಯ ವಾರ

2026ರ ಜನವರಿ 11ರ ಭಾನುವಾರದಿಂದ 17ರ ಶನಿವಾರದವರೆಗಿನ ವಾರ ತೆಗೆದುಕೊಳ್ಳೋಣ. ಬುಧವಾರ ಮಕರ ಸಂಕ್ರಾಂತಿ, ಕೃಷ್ಣ ಮಠದಲ್ಲಿ ಮೂರು ತೇರಿನ ಉತ್ಸವ. ಶನಿವಾರ ರಾತ್ರಿ ಕಳೆದರೆ ಪರ್ಯಾಯ, ಆ ರಾತ್ರಿ ಉಡುಪಿ ಮಲಗುವುದಿಲ್ಲ. ರಥಬೀದಿಯ ಆಸುಪಾಸಿನ ಒಂದು ಹೋಟೆಲಿನ ಸಪ್ಲಾಯರ್ ಒಬ್ಬರ ಹಾಜರಿ ಹೀಗಿದೆ ಎಂದು ಕಲ್ಪಿಸಿಕೊಳ್ಳಿ. ಅವರ ವಾರದ ರಜೆ ಮಂಗಳವಾರ. ಸಂಕ್ರಾಂತಿಯನ್ನು ಈ ಹೋಟೆಲು ತನ್ನ ಹಬ್ಬದ ರಜೆಗಳ ಪಟ್ಟಿಯಲ್ಲಿ ಸೇರಿಸಿಲ್ಲ ಎಂದುಕೊಳ್ಳೋಣ. ಸೇರಿಸಿದ್ದರೆ ಆ ದಿನದ ಕೂಲಿಯನ್ನು ಬೇರೆಯಾಗಿ ನೋಡಬೇಕಾಗುತ್ತಿತ್ತು.

| ದಿನ | ಮೊದಲ ಹೊತ್ತು | ಎರಡನೇ ಹೊತ್ತು | ಒಟ್ಟು ನಿಮಿಷ | 540 ಮೀರಿದ್ದು |
|---|---|---|---|---|
| ಭಾನು 11 | 06:58–11:34 | 15:03–18:50 | 503 | 0 |
| ಸೋಮ 12 | 07:05–11:30 | 15:00–18:40 | 485 | 0 |
| ಮಂಗಳ 13 | ರಜೆ | | 0 | 0 |
| ಬುಧ 14 | 07:00–11:45 | 14:00–18:55 | 580 | 40 |
| ಗುರು 15 | 07:10–11:28 | 15:06–18:30 | 462 | 0 |
| ಶುಕ್ರ 16 | 06:55–11:40 | 15:00–18:52 | 517 | 0 |
| ಶನಿ 17 | 16:45–21:40 | 22:40–03:35 | 590 | 50 |
| ಒಟ್ಟು | | | 3137 | 90 |

ಸಮಯವನ್ನು 24 ಗಂಟೆಯ ಗಡಿಯಾರದಲ್ಲೇ ಬರೆಯಿರಿ. ‘ಮೂರೂವರೆ’ ಎಂದರೆ ಮಧ್ಯಾಹ್ನದ್ದೋ ಬೆಳಗಿನ ಜಾವದ್ದೋ ಎಂಬ ಪ್ರಶ್ನೆ ಶನಿವಾರದಂಥ ದಿನ ಬಂದೇ ಬರುತ್ತದೆ.

## ದಿನದ ನಿಮಿಷ ತೆಗೆಯುವುದು

ಗಂಟೆ-ನಿಮಿಷಗಳನ್ನು ಹಾಗೆಯೇ ಕಳೆಯಲು ಹೋದರೆ ಸಾಲ ಪಡೆಯುವಲ್ಲಿ ಕೈ ತಪ್ಪುತ್ತದೆ, ಏಕೆಂದರೆ ಇಲ್ಲಿ ಹತ್ತರ ಬದಲು ಅರವತ್ತು ಸಾಲ ಪಡೆಯಬೇಕು. ಸುಲಭದ ದಾರಿಯೆಂದರೆ ಪ್ರತಿ ಸಮಯವನ್ನೂ ನಡುರಾತ್ರಿಯಿಂದ ಎಣಿಸಿದ ನಿಮಿಷವಾಗಿ ಮಾಡಿಕೊಳ್ಳುವುದು: ಗಂಟೆಯನ್ನು 60ರಿಂದ ಗುಣಿಸಿ, ನಿಮಿಷ ಕೂಡಿಸಿ. ಭಾನುವಾರದ 11:34 ಎಂದರೆ 660 + 34, ಅಂದರೆ 694. 06:58 ಎಂದರೆ 360 + 58, ಅಂದರೆ 418. ಕಳೆದರೆ 276 ನಿಮಿಷ. ಎರಡನೇ ಹೊತ್ತು 1130ರಿಂದ 903 ಕಳೆದು 227. ದಿನಕ್ಕೆ 503. ವಾರದ ಕೊನೆಯವರೆಗೂ ನಿಮಿಷದಲ್ಲೇ ಇರಿ, ನಡುವೆ ಗಂಟೆಗೆ ಬದಲಿಸಬೇಡಿ.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ, ಎರಡೂ ಯಂತ್ರದ ವರದಿಯಿಂದಲೇ ಬರುವಂಥವು. ಮೊದಲನೆಯದು, ದಿನದ ಮೊದಲ ಗುರುತು ಮತ್ತು ಕೊನೆಯ ಗುರುತನ್ನು ಮಾತ್ರ ಹಿಡಿದು ನಡುವಿನದನ್ನು ಬಿಟ್ಟುಬಿಡುವುದು. ಹಾಗೆ ಮಾಡಿದರೆ ಭಾನುವಾರದ ಕೆಲಸ 11 ಗಂಟೆ 52 ನಿಮಿಷ ಎಂದು ತೋರುತ್ತದೆ. ಮನೆಗೆ ಹೋಗಿ ಮಲಗಿ ಬಂದ ಮೂರೂವರೆ ತಾಸೂ ಅದರಲ್ಲಿ ಸೇರಿಬಿಡುತ್ತದೆ. ಎರಡನೆಯದು ಇದರ ತಿರುಗುಮುರುಗು. ವರದಿ ತೆಗೆಯುವ ತಂತ್ರಾಂಶದಲ್ಲಿ ‘ಊಟದ ವಿರಾಮ 60 ನಿಮಿಷ’ ಎಂದು ಯಾವಾಗಲೋ ಹಾಕಿಟ್ಟಿರುತ್ತಾರೆ. ನೌಕರ ವಿರಾಮಕ್ಕೆ ಹೋಗುವಾಗ ಗುರುತು ಹಾಕಿಯೇ ಹೋಗಿರುತ್ತಾನೆ, ಆದರೂ ತಂತ್ರಾಂಶ ಇನ್ನೊಂದು ಗಂಟೆ ಕಡಿಯುತ್ತದೆ. ವಾರಕ್ಕೆ ಆರು ಗಂಟೆ ಹೀಗೆ ಮಾಯವಾಗುತ್ತದೆ. ಪತ್ತೆ ಹಚ್ಚಲು ಒಂದು ದಿನದ ನಾಲ್ಕು ಗುರುತುಗಳನ್ನು ಕೈಯಾರೆ ಕಳೆದು ನೋಡಿ. ವರದಿಯ ಅಂಕಿ ಸರಿಯಾಗಿ 60 ನಿಮಿಷ ಕಡಿಮೆ ಬಂದರೆ ಕಾರಣ ಇದೇ.

ಕಾಲು ಗಂಟೆಗೆ ಸುತ್ತಿಸುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಬಂದ ಸಮಯವನ್ನು ಮುಂದಿನ ಕಾಲು ಗಂಟೆಗೆ, ಹೋದ ಸಮಯವನ್ನು ಹಿಂದಿನ ಕಾಲು ಗಂಟೆಗೆ ಸರಿಸುವುದು ಕೆಲವೆಡೆ ರೂಢಿಯಾಗಿದೆ. ಗುರುವಾರದ ಗುರುತುಗಳಿಗೆ ಹಾಗೆ ಮಾಡಿ ನೋಡಿ: 07:10 ಎಂಬುದು 07:15 ಆಗುತ್ತದೆ, 11:28 ಎಂಬುದು 11:15, 15:06 ಎಂಬುದು 15:15, 18:30 ಹಾಗೆಯೇ ಉಳಿಯುತ್ತದೆ. 462 ನಿಮಿಷ 435 ಆಯಿತು, ಒಂದೇ ದಿನಕ್ಕೆ 27 ನಿಮಿಷ ಹೋಯಿತು. ದಿನಕ್ಕೆ ನಾಲ್ಕು ಗುರುತು ಬೀಳುವ ಕೆಲಸದಲ್ಲಿ ಈ ಪದ್ಧತಿಗೆ ನ್ಯಾಯವಿಲ್ಲ. ಯಂತ್ರ ನಿಮಿಷ ನಿಮಿಷವನ್ನೂ ಬರೆದುಕೊಂಡಿರುವಾಗ ಸುತ್ತಿಸುವ ಅಗತ್ಯವೂ ಇಲ್ಲ.

## ಎರಡು ಗೆರೆಗಳನ್ನು ಒಂದೇ ಸಲ ನೋಡುವುದು

ಈಗ ಕೈಯಲ್ಲಿ ಎರಡು ಮೊತ್ತಗಳಿವೆ. ವಾರದ ಒಟ್ಟು 3137 ನಿಮಿಷ, ಅಂದರೆ 52 ಗಂಟೆ 17 ನಿಮಿಷ. ದಿನದ 9 ಗಂಟೆ, ಅಂದರೆ 540 ನಿಮಿಷ ಮೀರಿದ್ದು ಬುಧವಾರದ 40 ಮತ್ತು ಶನಿವಾರದ 50 ಸೇರಿ 90.

ವಾರದ ಗೆರೆ 48 ಗಂಟೆ, ಅಂದರೆ 2880 ನಿಮಿಷ. 3137ರಿಂದ 2880 ಕಳೆದರೆ 257. ಇಲ್ಲಿ 257 ಮತ್ತು 90ನ್ನು ಕೂಡಿಸಿ 347 ಎನ್ನುವುದು ಒಂದು ತಪ್ಪು, ಏಕೆಂದರೆ ಬುಧವಾರ, ಶನಿವಾರದ ಆ 90 ನಿಮಿಷ ವಾರದ ಮೊತ್ತದಲ್ಲೂ ಇದೆ; ಒಂದೇ ನಿಮಿಷಕ್ಕೆ ಎರಡು ಸಲ ದುಪ್ಪಟ್ಟು ಕೊಟ್ಟಂತಾಗುತ್ತದೆ. ಬರೀ 90 ಎನ್ನುವುದು ಇನ್ನೊಂದು ತಪ್ಪು, ಇದರಲ್ಲಿ ನೌಕರನಿಗೆ ನಷ್ಟ. ‘ಒಂಬತ್ತು ಗಂಟೆ ದಾಟಿದ್ದು ಎರಡೇ ದಿನ ಮಾರಾಯರೇ, ನಾಲ್ಕು ಗಂಟೆ ಓಟಿ ಎಲ್ಲಿಂದ ಬಂತು?’ ಎಂದು ಮ್ಯಾನೇಜರು ಕೇಳಿದರೆ ಅವರು ನೋಡುತ್ತಿರುವುದು ಒಂದೇ ಗೆರೆ ಎಂದು ಅರ್ಥ.

ಅವರಿಗೆ ಹೀಗೆ ಬಿಡಿಸಿ ತೋರಿಸಬಹುದು. ಮೊದಲು ದಿನದ ಗೆರೆ ಮೀರಿದ 90 ನಿಮಿಷವನ್ನು ಓವರ್‌ಟೈಮ್ ಎಂದು ಬದಿಗಿಡಿ. ಉಳಿದದ್ದು 3047, ಇದೆಲ್ಲ ದಿನದ ಮಿತಿಯೊಳಗಿನ ಕೆಲಸ. ಆದರೆ ವಾರಕ್ಕೆ 2880ರವರೆಗೆ ಮಾತ್ರ ಮಾಮೂಲಿ ದರ. ಮೇಲಿನ 167 ನಿಮಿಷವೂ ಓವರ್‌ಟೈಮ್. 90 ಮತ್ತು 167 ಸೇರಿ 257. ನೇರವಾಗಿ ಕಳೆದಾಗ ಬಂದದ್ದೂ ಅದೇ. ಇದು ಈ ವಾರಕ್ಕೆ ಮಾತ್ರ ಒದಗಿದ ಹೊಂದಾಣಿಕೆಯಲ್ಲ, ಯಾವ ವಾರಕ್ಕೂ ಸಲ್ಲುತ್ತದೆ. ದಿನದ ಹೆಚ್ಚುವರಿಗಳ ಮೊತ್ತ ಒಂದು ಕಡೆ, ವಾರದ ಒಟ್ಟಿನಿಂದ 2880 ಕಳೆದದ್ದು ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದೋ ಅದೇ ವಾರದ ಓವರ್‌ಟೈಮ್.

ದಿನದ ಮೊತ್ತವೇ ದೊಡ್ಡದಾಗುವ ಸಂದರ್ಭವನ್ನೂ ನೋಡಿಬಿಡೋಣ. ಇದೇ ಸಪ್ಲಾಯರ್ ಸೋಮವಾರ ಮತ್ತು ಶುಕ್ರವಾರ ರಜೆ ಹಾಕಿದ್ದರೆ ವಾರದ ಒಟ್ಟು 2135 ನಿಮಿಷ, 48 ಗಂಟೆಯ ಮಾತೇ ಇಲ್ಲ. ಆದರೆ ಬುಧವಾರ, ಶನಿವಾರ ನಿಂತ 90 ನಿಮಿಷ ಎಲ್ಲಿಗೂ ಹೋಗುವುದಿಲ್ಲ. ‘ವಾರ ತುಂಬಲಿಲ್ಲ, ಹಾಗಾಗಿ ಓಟಿ ಇಲ್ಲ’ ಎಂಬ ಮಾತಿಗೆ ಆಧಾರವಿಲ್ಲ.

## ನಡುರಾತ್ರಿ ದಾಟಿದ ಪಾಳಿ

ಶನಿವಾರದ ಎರಡನೇ ಹೊತ್ತು 22:40ಕ್ಕೆ ಶುರುವಾಗಿ ಮರುದಿನ 03:35ಕ್ಕೆ ಮುಗಿದಿದೆ. ಹಾಗೆಯೇ ಕಳೆದರೆ ಋಣ ಸಂಖ್ಯೆ ಬರುತ್ತದೆ. ಹೋದ ಸಮಯ ಬಂದ ಸಮಯಕ್ಕಿಂತ ಚಿಕ್ಕದಿದ್ದರೆ ಅದಕ್ಕೆ ಒಂದು ದಿನದ 1440 ನಿಮಿಷ ಕೂಡಿಸಿ: 215 + 1440 = 1655. ಅದರಿಂದ 1360 ಕಳೆದರೆ 295.

ಕಳೆಯುವುದು ಸುಲಭ. ಆ ನಿಮಿಷಗಳನ್ನು ಯಾವ ದಿನದ, ಯಾವ ವಾರದ ಲೆಕ್ಕಕ್ಕೆ ಹಾಕಬೇಕು ಎಂಬುದೇ ನಿಜವಾದ ಪ್ರಶ್ನೆ. ಈ ಹೋಟೆಲಿನ ಹಾಳೆ ಶನಿವಾರಕ್ಕೆ ಮುಗಿಯುತ್ತದೆ. ಪಾಳಿಯನ್ನು ನಡುರಾತ್ರಿಗೆ ಕತ್ತರಿಸಿದರೆ 215 ನಿಮಿಷ ಮುಂದಿನ ವಾರದ ಭಾನುವಾರಕ್ಕೆ ಹೋಗುತ್ತದೆ. ಆಗ ಈ ವಾರದ ಒಟ್ಟು 2922, ಶನಿವಾರದ ಕೆಲಸ 375 ನಿಮಿಷ ಮಾತ್ರ, ವಾರದ ಓವರ್‌ಟೈಮ್ 257ರಿಂದ 42ಕ್ಕೆ ಇಳಿಯುತ್ತದೆ. ಪರ್ಯಾಯದ ದಣಿವಿಗೆ ಮುಂದಿನ ವಾರ ಒಂದು ದಿನ ರಜೆ ಹಾಕಿದರೆ ಆ 215 ನಿಮಿಷ ಅಲ್ಲಿಯೂ 48ರ ಗೆರೆಯ ಕೆಳಗೇ ಉಳಿದುಹೋಗಬಹುದು. ರಾತ್ರಿಯಿಡೀ ಕಾಫಿ ಹಂಚಿದವನಿಗೆ ಕೊನೆಗೆ ಮುಕ್ಕಾಲು ಗಂಟೆಯೂ ಸಿಗುವುದಿಲ್ಲ.

ಪಾಳಿ ಶುರುವಾದ ದಿನಕ್ಕೇ ಇಡೀ ಪಾಳಿ ಸೇರಬೇಕು. ಮನುಷ್ಯ ದುಡಿದದ್ದು ಒಂದೇ ಪಟ್ಟಿನಲ್ಲಿ. ಗಡಿಯಾರ ಹನ್ನೆರಡು ಹೊಡೆಯಿತೆಂದು ಅದು ಎರಡು ದಿನದ ಕೆಲಸವಾಗುವುದಿಲ್ಲ. ಈ ನಿಯಮವನ್ನು ಹಾಳೆಯ ತಲೆಯಲ್ಲೇ ಬರೆದಿಡಿ. ಹಾಗೆಯೇ ವಾರ ಯಾವ ದಿನದಿಂದ ಯಾವ ದಿನಕ್ಕೆ ಎಂಬುದನ್ನೂ ಬರೆಯಿರಿ, ಆಮೇಲೆ ಅನುಕೂಲ ನೋಡಿ ಬದಲಿಸಬೇಡಿ.

## ಚುಕ್ಕಿಯ ಮೋಸ

ಲೆಕ್ಕದಲ್ಲಿ ಹಣ ಸೋರುವ ಇನ್ನೊಂದು ಜಾಗ ಇದು. 8 ಗಂಟೆ 23 ನಿಮಿಷವನ್ನು 8.23 ಎಂದು ಬರೆದು ಕ್ಯಾಲ್ಕುಲೇಟರಿನಲ್ಲಿ ಕೂಡಿಸುವವರು ಬಹಳ ಮಂದಿ. ಕ್ಯಾಲ್ಕುಲೇಟರಿಗೆ 8.23 ಎಂದರೆ ಎಂಟು ಗಂಟೆ ಮತ್ತು ನೂರರಲ್ಲಿ 23 ಭಾಗ, ಅಂದರೆ ಸುಮಾರು 14 ನಿಮಿಷ. ನಮ್ಮ ವಾರವನ್ನು ಹೀಗೆ ಕೂಡಿಸಿದರೆ:

```
8.23 + 8.05 + 9.40 + 7.42 + 8.37 + 9.50 = 50.97
```

48 ಕಳೆದರೆ 2.97 ಗಂಟೆ. ನಿಜವಾದ ಓವರ್‌ಟೈಮ್ 4 ಗಂಟೆ 17 ನಿಮಿಷ. ಒಂದು ಗಂಟೆಗೂ ಮೇಲೆ, 19 ನಿಮಿಷ ಹೆಚ್ಚಿಗೆ, ಯಾರೂ ಬೇಕೆಂದು ಕದಿಯದೆ ಕಳೆದುಹೋಯಿತು. ಈ ತಪ್ಪು ಯಾವಾಗಲೂ ನೌಕರನಿಗೇ ನಷ್ಟ ತರುತ್ತದೆ, ಏಕೆಂದರೆ ಅರವತ್ತರಲ್ಲಿ 23 ಎಂಬುದು ನೂರರಲ್ಲಿ 23ಕ್ಕಿಂತ ಯಾವತ್ತೂ ಹೆಚ್ಚು.

ಹಳೆಯ ಹಾಳೆಯಲ್ಲಿ ಈ ತಪ್ಪು ಇದೆಯೇ ಎಂದು ತಿಳಿಯಲು ದಿನದ ಕಾಲಮ್ಮಿನ ಮೇಲೆ ಕಣ್ಣಾಡಿಸಿದರೆ ಸಾಕು. ಹಲವು ವಾರಗಳ ಉದ್ದಕ್ಕೂ ಚುಕ್ಕಿಯ ಬಲಗಡೆ 60 ಅಥವಾ ಅದಕ್ಕಿಂತ ದೊಡ್ಡ ಅಂಕಿ ಒಮ್ಮೆಯೂ ಕಾಣದಿದ್ದರೆ ಅಲ್ಲಿರುವುದು ನಿಮಿಷಗಳೇ, ದಶಮಾಂಶವಲ್ಲ. ಗಂಟೆಯ ದಶಮಾಂಶವಾಗಿದ್ದರೆ .75, .92 ಮುಂತಾದವೂ ಬರಲೇಬೇಕು.

## ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ

A ಕಾಲಮ್ಮಿನಲ್ಲಿ ದಿನಾಂಕ, B ಮತ್ತು C ಮೊದಲ ಹೊತ್ತಿನ ಬಂದ-ಹೋದ ಸಮಯ, D ಮತ್ತು E ಎರಡನೇ ಹೊತ್ತಿನವು. ಎರಡನೇ ಸಾಲಿನಿಂದ ಎಂಟನೇ ಸಾಲಿನವರೆಗೆ ಏಳು ದಿನಗಳು. ರಜೆಯ ದಿನ ಸಮಯದ ಕೋಶಗಳನ್ನು ಖಾಲಿ ಬಿಡಿ, ‘ರಜೆ’ ಎಂದು ಬರೆದರೆ ಸೂತ್ರ ಕೆಡುತ್ತದೆ. F2ರಲ್ಲಿ ದಿನದ ನಿಮಿಷ, G2ರಲ್ಲಿ ದಿನದ ಹೆಚ್ಚುವರಿ:

```
F2:  =ROUND((MOD(C2-B2,1)+MOD(E2-D2,1))*1440,0)
G2:  =MAX(0,F2-540)
```

ಇವನ್ನು ಎಂಟನೇ ಸಾಲಿನವರೆಗೆ ಎಳೆಯಿರಿ. ಒಂಬತ್ತನೇ ಸಾಲಿನಲ್ಲಿ ಮೊತ್ತ:

```
F9:  =SUM(F2:F8)
G9:  =SUM(G2:G8)
H9:  =MAX(G9,F9-2880)
```

ಶೀಟಿನ ಒಳಗೆ ಸಮಯವೆಂದರೆ ದಿನದ ಒಂದು ಭಾಗ. ಬೆಳಗಿನ ಆರು ಗಂಟೆ ಎಂದರೆ 0.25. ಅದಕ್ಕೇ 1440ರಿಂದ ಗುಣಿಸುವುದು. ಕಳೆದಾಗ ಋಣ ಬಂದರೆ `MOD` ಒಂದು ದಿನ ಕೂಡಿಸಿ ಸರಿಪಡಿಸುತ್ತದೆ, ಶನಿವಾರದ ರಾತ್ರಿಗೆ ಬೇರೆ ಸೂತ್ರ ಬೇಡ. `ROUND` ಇರುವುದು ದಶಮಾಂಶದ ಬಾಲದಲ್ಲಿ ಉಳಿಯುವ ಅತಿ ಸಣ್ಣ ಚೂರನ್ನು ತೆಗೆಯಲು. ಅದಿಲ್ಲದಿದ್ದರೆ ಸರಿಯಾಗಿ ಒಂಬತ್ತು ಗಂಟೆ ದುಡಿದ ದಿನವೂ ಕೆಲವೊಮ್ಮೆ ಗೆರೆ ದಾಟಿದಂತೆ ತೋರಬಹುದು.

ಉತ್ತರವನ್ನು ಗಂಟೆ-ನಿಮಿಷವಾಗಿ ನೋಡಬೇಕಿದ್ದರೆ `=F9/1440` ಎಂದು ಬರೆದು, ಆ ಕೋಶಕ್ಕೆ `[h]:mm` ಎಂಬ ಸ್ವರೂಪ ಕೊಡಿ. ಚೌಕ ಆವರಣ ಬಿಟ್ಟರೆ ಶೀಟು ಪ್ರತಿ 24 ಗಂಟೆಗೆ ಮತ್ತೆ ಸೊನ್ನೆಯಿಂದ ತೋರಿಸುತ್ತದೆ. 48 ಎಂದರೆ ಸರಿಯಾಗಿ ಎರಡು 24 ಆದ್ದರಿಂದ ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ: 52:17 ಎಂಬ ಒಟ್ಟು 4:17 ಎಂದು ಕಾಣುತ್ತದೆ, ಅದು ಓವರ್‌ಟೈಮ್‌ಗೆ ಸಮವೇ ಆಗಿರುತ್ತದೆ! ಇದನ್ನು ಕಂಡು ಸೂತ್ರ ಸರಿ ಇದೆ ಎಂದು ನಂಬಿದರೆ, ಮುಂದಿನ ವಾರ 47 ಗಂಟೆ 30 ನಿಮಿಷ ದುಡಿದವರಿಗೆ 23:30 ಎಂದು ತೋರಿದಾಗ ಕಂಗಾಲಾಗಬೇಕಾಗುತ್ತದೆ.

## ಗುರುತು ಕಾಣೆಯಾದ ದಿನ

ಬೆರಳು ಒದ್ದೆಯಾಗಿದ್ದರೆ, ಹಿಟ್ಟು ಮೆತ್ತಿದ್ದರೆ ಹೆಬ್ಬೆಟ್ಟಿನ ಯಂತ್ರ ಗುರುತು ಹಿಡಿಯದೆ ಇರುವುದುಂಟು. ಗುರುವಾರ ಸಂಜೆ ಹೋಗುವಾಗಿನ 18:30 ಬೀಳಲಿಲ್ಲ ಎಂದುಕೊಳ್ಳಿ. ಖಾಲಿ ಕೋಶವನ್ನು ಶೀಟು ಸೊನ್ನೆ, ಅಂದರೆ ನಡುರಾತ್ರಿ ಎಂದು ಓದುತ್ತದೆ. 15:06ರಿಂದ ನಡುರಾತ್ರಿಯವರೆಗೆ 8 ಗಂಟೆ 54 ನಿಮಿಷ ಎಂದು ಸದ್ದಿಲ್ಲದೆ ಸೇರಿಸಿಬಿಡುತ್ತದೆ. ತಪ್ಪಿನ ಸೂಚನೆಯೇ ಬರುವುದಿಲ್ಲ, ಅಂಕಿಯೂ ನೋಡಲು ಸಹಜವಾಗಿಯೇ ಇರುತ್ತದೆ. ಆದ್ದರಿಂದ I2ರಲ್ಲಿ ಈ ಕಾವಲು ಇಡಿ, ಕೆಳಗೂ ಎಳೆಯಿರಿ:

```
I2:  =IF(ISODD(COUNT(B2:E2)),"ಗುರುತು ಕಾಣೆ","")
```

ಬಂದದ್ದಕ್ಕೆಲ್ಲ ಹೋದದ್ದು ಇರಬೇಕಾದ್ದರಿಂದ ದಿನದ ಗುರುತುಗಳು ಸೊನ್ನೆ, ಎರಡು ಅಥವಾ ನಾಲ್ಕೇ ಇರಬೇಕು. ಸಮಯದ ಬದಲು ಅಕ್ಷರವಾಗಿ ಕೂತ ನಮೂದನ್ನೂ `COUNT` ಎಣಿಸುವುದಿಲ್ಲ, ಹಾಗಾಗಿ ಅಂಥ ಒಂದು ನಮೂದಿದ್ದರೂ ಇದರಲ್ಲೇ ಸಿಕ್ಕಿಬೀಳುತ್ತದೆ. ಸಿಕ್ಕದೆ ಜಾರುವುದರಲ್ಲಿ ಒಂದು, 11:30ರ ಬದಲು 11.30 ಎಂದು ಚುಕ್ಕಿ ಹಾಕಿ ಬರೆದದ್ದು. ಅದು ಶೀಟಿಗೆ ಹನ್ನೊಂದು ಚಿಲ್ಲರೆ ದಿನ. ಬೇರೆ ದಿನಗಳಿಗೆ ಹೋಲದ ನಿಮಿಷ ಕಂಡ ಸಾಲಿನಲ್ಲಿ ಮೊದಲು ಇದನ್ನೇ ಹುಡುಕಿ.

ಕಾಣೆಯಾದ ಗುರುತನ್ನು ಊಹೆಯಿಂದ ತುಂಬಬೇಡಿ. ಅದೇ ದಿನ ಅಥವಾ ಮರುದಿನವೇ ನೌಕರನನ್ನೂ ಆ ಹೊತ್ತಿನ ಮೇಲ್ವಿಚಾರಕನನ್ನೂ ಕೇಳಿ, ಒಪ್ಪಿದ ಸಮಯವನ್ನು ಬೇರೆ ಬಣ್ಣದಲ್ಲಿ ಬರೆದು ಇಬ್ಬರ ಸಹಿ ಹಾಕಿಸಿ. ತಿಂಗಳ ಕೊನೆಗೆ ಕೇಳಿದರೆ ಇಬ್ಬರಿಗೂ ನೆನಪಿರುವುದಿಲ್ಲ.

## ರೂಪಾಯಿಗೆ ತರುವುದು

ತಿಂಗಳ ಸಂಬಳದಿಂದ ಗಂಟೆಯ ದರ ತೆಗೆಯಲು 26 ದಿನ, ದಿನಕ್ಕೆ 8 ಗಂಟೆ ಎಂದು ಭಾಗಿಸುವುದು ಸಾಮಾನ್ಯ ಪದ್ಧತಿ. ಲೆಕ್ಕಕ್ಕಾಗಿ ಸಂಬಳ 20,800 ರೂಪಾಯಿ ಎಂದುಕೊಂಡರೆ 208ರಿಂದ ಭಾಗಿಸಿ ಗಂಟೆಗೆ 100 ರೂಪಾಯಿ, ಓವರ್‌ಟೈಮ್‌ಗೆ 200. ತಿಂಗಳ ಸಂಬಳ ಮಾಮೂಲಿ ಗಂಟೆಗಳದ್ದು. ಹೆಚ್ಚುವರಿ ಗಂಟೆಯ ಒಂದು ಪಾಲು ಅದರಲ್ಲೇ ಸೇರಿದೆ ಎಂದು ಹೇಳಿ 100 ಮಾತ್ರ ಕೊಡುವುದು ಎರಡರಷ್ಟಾಗುವುದಿಲ್ಲ.

```
=ROUND(H9/60*200,2)
```

257 ನಿಮಿಷವನ್ನು 60ರಿಂದ ಭಾಗಿಸಿ 200ರಿಂದ ಗುಣಿಸಿದರೆ 856.67 ರೂಪಾಯಿ. ಸುತ್ತಿಸುವುದು ಇಲ್ಲಿ, ಒಂದೇ ಸಲ, ಪೈಸೆಯಲ್ಲಿ. ಚುಕ್ಕಿಯ ಲೆಕ್ಕದ 2.97 ಗಂಟೆಗೆ 594 ರೂಪಾಯಿ ಬರುತ್ತಿತ್ತು, 262.67 ಕಡಿಮೆ. ಸಂಬಳದ ಚೀಟಿಯಲ್ಲಿ ಬರೀ ಮೊತ್ತ ಬರೆಯದೆ ‘ವಾರ 11–17 ಜನವರಿ, ಒಟ್ಟು 52:17, ದಿನದ ಹೆಚ್ಚುವರಿ 1:30, ವಾರದ ಹೆಚ್ಚುವರಿ 4:17, ಓಟಿ 4:17, ದರ 200’ ಎಂದು ಬರೆಯಿರಿ. ಆಗ ಚೀಟಿ ಪಡೆದವರು ತಮ್ಮ ಮೊಬೈಲಿನಲ್ಲೇ ಎರಡು ನಿಮಿಷದಲ್ಲಿ ತಾಳೆ ನೋಡಬಹುದು.